ಹೈಡ್ರೋನೆಫ್ರೋಸಿಸ್: ಸ್ಕ್ಯಾನಿಂಗ್ ರಿಪೋರ್ಟಿನ ಒಂದು ಪದ ನಡೆದು ಬಂದ ದಾರಿ

ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟು ಕೈಗೆ ಬಂದೊಡನೆ ಎಲ್ಲರ ಕಣ್ಣು ಮೊದಲು ಹುಡುಕುವುದು ಕಲ್ಲನ್ನು. ಎಷ್ಟು ಮಿಲಿಮೀಟರ್, ಎಡಕ್ಕೋ ಬಲಕ್ಕೋ, ಒಂದೋ ಎರಡೋ ಎಂದು. ಅದೇ ಹಾಳೆಯಲ್ಲಿ ನಾಲಿಗೆಗೆ ಸುಲಭವಾಗಿ ಹೊರಳದ ಇನ್ನೊಂದು ಪದವೂ ಇರುತ್ತದೆ: ಹೈಡ್ರೋನೆಫ್ರೋಸಿಸ್. ಅದರ ಹಿಂದೆ ಮೈಲ್ಡ್, ಮಾಡರೇಟ್ ಅಥವಾ ಸಿವಿಯರ್ ಎಂಬ ವಿಶೇಷಣ. ಬಹಳ ಮಂದಿ ಈ ಪದವನ್ನು ದಾಟಿಕೊಂಡು ಹೋಗುತ್ತಾರೆ. ಇನ್ನು ಕೆಲವರು ‘ಕಿಡ್ನಿಗೆ ನೀರು ತುಂಬಿದೆಯಂತೆ’ ಎಂದು ಗಾಬರಿಯಾಗುತ್ತಾರೆ. ಕಿಡ್ನಿ ಕೆಟ್ಟೇ ಹೋಯಿತೆಂದು ತಿಳಿಯುವವರಿದ್ದಾರೆ, ನೀರು ಕುಡಿದದ್ದೇ ಹೆಚ್ಚಾಯಿತೆಂದು ಬಗೆದು ನೀರನ್ನೇ ಬಿಡುವವರೂ ಇದ್ದಾರೆ. ನಿಜಕ್ಕೂ ಕಲ್ಲಿನ ನೋವಿನ ರಿಪೋರ್ಟಿನಲ್ಲಿ ಅಳತೆಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನ ಸುದ್ದಿಯನ್ನು ಹೇಳುವುದು ಈ ಪದವೇ. ಅದು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ತಿಳಿಯಲು ಅದು ನಡೆದು ಬಂದ ದಾರಿಯನ್ನು ನೋಡಬೇಕು.

ಪದ ಗ್ರೀಕಿನದು. ‘ಹುಡೋರ್’ ಎಂದರೆ ನೀರು, ‘ನೆಫ್ರೋಸ್’ ಎಂದರೆ ಮೂತ್ರಪಿಂಡ, ‘ಓಸಿಸ್’ ಎನ್ನುವುದು ಒಂದು ಸ್ಥಿತಿಯನ್ನು ಸೂಚಿಸುವ ಪ್ರತ್ಯಯ. ಹುಡೋರ್ ನಮಗೆ ಪರಕೀಯವೇನಲ್ಲ. ಸಂಸ್ಕೃತದಿಂದ ಬಂದು ಕನ್ನಡದಲ್ಲಿ ನೆಲೆನಿಂತ ‘ಉದಕ’, ಇಂಗ್ಲಿಷಿನ ‘ವಾಟರ್’, ಗ್ರೀಕಿನ ‘ಹುಡೋರ್’ ಮೂರೂ ಒಂದೇ ಇಂಡೋ-ಯುರೋಪಿಯನ್ ಬೇರಿನಿಂದ ಚಿಗುರಿದವು. ಪಾದೋದಕ ಎನ್ನುವಾಗಲೂ ಹೈಡ್ರೋಜನ್ ಎನ್ನುವಾಗಲೂ ಉಚ್ಚರಿಸುತ್ತಿರುವುದು ಒಂದೇ ಹಳೆಯ ಬೇರನ್ನು. ನೆಫ್ರೋಸ್ ಪದ ಇಂದು ನೆಫ್ರಾಲಜಿಸ್ಟ್ ಎಂಬ ವೈದ್ಯರ ಫಲಕದಲ್ಲಿ ಉಳಿದಿದೆ. ಕಲ್ಲಿಗಾದರೋ ನಮ್ಮಲ್ಲಿ ತೀರ ಹಳೆಯ ಹೆಸರೇ ಇತ್ತು. ಆಯುರ್ವೇದ ಅದನ್ನು ‘ಅಶ್ಮರಿ’ ಎಂದಿತು. ಅಶ್ಮ ಎಂದರೆ ಕಲ್ಲು. ಮೂತ್ರಕೋಶದ ಕಲ್ಲನ್ನು ಕೊಯ್ದು ತೆಗೆಯುವ ವಿಧಾನವನ್ನು ಸುಶ್ರುತ ಸಂಹಿತೆ ವಿವರಿಸುತ್ತದೆ. ಕೈಗೆ ಸಿಗುವ ಕಲ್ಲಿಗೆ ಹೆಸರು ಬೇಗ ಹುಟ್ಟಿತು. ಆದರೆ ಅದು ದಾರಿಗೆ ಅಡ್ಡ ಬಂದಾಗ ಒಳಗಿನ ಅಂಗಕ್ಕೆ ಏನಾಗುತ್ತದೆ ಎಂಬುದಕ್ಕೆ ಈಗಿನ ಈ ಹೆಸರು ಬರಲು ಹತ್ತೊಂಬತ್ತನೆಯ ಶತಮಾನವೇ ಬರಬೇಕಾಯಿತು.

ಆ ಹೆಸರನ್ನು ಕೊಟ್ಟವರು ಪ್ಯಾರಿಸ್ಸಿನ ಶಾರಿಟೆ ಆಸ್ಪತ್ರೆಯ ವೈದ್ಯ ಪಿಯೆರ್ ರೇಯೆ. ಮೂತ್ರಪಿಂಡದ ರೋಗಗಳ ಬಗ್ಗೆ ಅವರು ಬರೆದ ಮೂರು ಸಂಪುಟಗಳ ಗ್ರಂಥ 1837ರಿಂದ 1841ರವರೆಗೆ ಪ್ರಕಟವಾಯಿತು. ‘ಹೈಡ್ರೋನೆಫ್ರೋಸ್’ ಎಂಬ ಫ್ರೆಂಚ್ ಪದ 1841ರಲ್ಲಿ ಬಳಕೆಗೆ ಬಂತು. ಅಂದಿನ ವೈದ್ಯರ ಬಳಿ ಒಳಗನ್ನು ನೋಡುವ ಸಾಧನ ಯಾವುದೂ ಇರಲಿಲ್ಲ. ಅವರಿಗೆ ಈ ಸ್ಥಿತಿ ಸಿಗುತ್ತಿದ್ದದ್ದು ಎರಡೇ ಕಡೆ. ಹೊಟ್ಟೆಯ ಮೇಲೆ ಕೈಯಿಟ್ಟರೆ ತಗಲುವ ದೊಡ್ಡ ಊತವಾಗಿ, ಇಲ್ಲವೇ ಶವಪರೀಕ್ಷೆಯ ಮೇಜಿನ ಮೇಲೆ. ಅಲ್ಲಿ ಕಾಣುತ್ತಿದ್ದದ್ದು ತಿರುಳೆಲ್ಲ ತೆಳುವಾಗಿ, ದ್ರವ ತುಂಬಿದ ಚೀಲವಾಗಿಬಿಟ್ಟ ಕಿಡ್ನಿ. ಹಾಗಾಗಿ ‘ನೀರಿನ ಮೂತ್ರಪಿಂಡ’ ಎಂಬ ಹೆಸರು ಅವರ ಕಣ್ಣಿಗೆ ಬಿದ್ದದ್ದರ ನೇರ ವರ್ಣನೆ. ಹುಟ್ಟಿದಾಗ ಈ ಪದದ ಅರ್ಥ ಒಂದು ರೋಗದ ಕೊನೆಯ ಹಂತ. ಇಂದಿಗೂ ಪದ ಕೇಳಿದವರಿಗೆ ಆಗುವ ಭಯ, ಆ ಹಳೆಯ ಅರ್ಥಕ್ಕೆ ಸಲ್ಲಬೇಕಾದ ಭಯ.

ಇಪ್ಪತ್ತನೆಯ ಶತಮಾನದಲ್ಲಿ ಪದ ಹೆಣದಿಂದ ಜೀವಂತ ರೋಗಿಗೆ ದಾಟಿತು. 1906ರಲ್ಲಿ ಜರ್ಮನಿಯ ಫೋಲ್ಕರ್ ಮತ್ತು ಫಾನ್ ಲಿಕ್ಟೆನ್‌ಬರ್ಗ್ ಮೂತ್ರನಾಳದೊಳಗೆ ಬೆಳ್ಳಿಯ ದ್ರಾವಣವನ್ನು ಕೆಳಗಿನಿಂದ ಮೇಲಕ್ಕೆ ಹಾಯಿಸಿ ಎಕ್ಸ್‌ರೇ ತೆಗೆದರು. 1929ರಲ್ಲಿ ಬರ್ಲಿನ್ನಿನಲ್ಲಿ ಮೋಸೆಸ್ ಸ್ವಿಕ್ ಅಯೋಡಿನ್ ಇರುವ ಔಷಧವನ್ನು ರಕ್ತನಾಳಕ್ಕೆ ಕೊಟ್ಟು, ಅದು ಕಿಡ್ನಿಯಿಂದ ಸೋಸಿ ಇಳಿಯುವುದನ್ನು ಚಿತ್ರದಲ್ಲಿ ತೋರಿಸಿದರು. ಬಹುಕಾಲ ನಮ್ಮ ಆಸ್ಪತ್ರೆಗಳಲ್ಲಿ ಐ.ವಿ.ಪಿ. ಎಂದು ಕರೆಸಿಕೊಂಡ ಪರೀಕ್ಷೆಯ ಮೂಲ ಅದು. ಈಗ ವೈದ್ಯರಿಗೆ ಚೀಲವಾದ ಕಿಡ್ನಿ ಮಾತ್ರವಲ್ಲ, ಆಗತಾನೇ ಹಿಗ್ಗಲು ತೊಡಗಿದ ಕಿಡ್ನಿಯೂ ಕಂಡಿತು. ಹಿಗ್ಗುವುದು ಯಾವ ಭಾಗ ಎಂಬುದೂ ಸ್ಪಷ್ಟವಾಯಿತು. ಕಿಡ್ನಿ ಸೋಸಿದ ಮೂತ್ರ ಮೊದಲು ಕೇಲಿಕ್ಸ್ ಎಂಬ ಪುಟ್ಟ ಬಟ್ಟಲುಗಳಿಗೆ ಇಳಿಯುತ್ತದೆ, ಅಲ್ಲಿಂದ ಪೆಲ್ವಿಸ್ ಎಂಬ ಬೋಗುಣಿಗೆ, ಅಲ್ಲಿಂದ ಯುರೆಟರ್ ಎಂಬ 25–30 ಸೆಂಟಿಮೀಟರ್ ಉದ್ದದ ಸಣ್ಣ ಕೊಳವೆಗೆ, ಕೊನೆಗೆ ಮೂತ್ರಕೋಶಕ್ಕೆ. ನಾಲೆಯ ತೂಬಿಗೆ ಕಸ ಕಟ್ಟಿಕೊಂಡರೆ ನೀರು ಮೇಲ್ಗಡೆ ಏರುವಂತೆ, ಯುರೆಟರಿನಲ್ಲಿ ತಡೆ ಬಂದರೆ ಬೋಗುಣಿ ಮೊದಲು ಹಿಗ್ಗುತ್ತದೆ, ಆಮೇಲೆ ಬಟ್ಟಲುಗಳು. ಅಲ್ಲಿ ನಿಂತಿರುವುದು ಹೊರಗಿನಿಂದ ಬಂದ ನೀರಲ್ಲ, ಕೆಳಗಿಳಿಯಬೇಕಾಗಿದ್ದ ಮೂತ್ರ. ಯುರೆಟರೂ ಹಿಗ್ಗಿದ್ದರೆ ಪದ ಇನ್ನಷ್ಟು ಉದ್ದವಾಗಿ ‘ಹೈಡ್ರೋಯುರೆಟೆರೋನೆಫ್ರೋಸಿಸ್’ ಆಗುತ್ತದೆ. ಆ ಉದ್ದಕ್ಕೆ ಅರ್ಥವಿದೆ: ತಡೆ ಇದ್ದರೆ ಅದು ಕಿಡ್ನಿಯ ಬಾಯಲ್ಲಿ ಇಲ್ಲ, ಇನ್ನೂ ಕೆಳಗಿದೆ.

ಪದಕ್ಕೆ ಇಂದಿನ ಚಲಾವಣೆ ಕೊಟ್ಟದ್ದು ಅಲ್ಟ್ರಾಸೌಂಡ್. ದೇಹದೊಳಕ್ಕೆ ಹೋದ ಶಬ್ದದ ಅಲೆ ದ್ರವದಲ್ಲಿ ಪ್ರತಿಧ್ವನಿಸದೆ ಸಾಗಿಬಿಡುತ್ತದೆ. ಹಾಗಾಗಿ ಮೂತ್ರ ಪರದೆಯ ಮೇಲೆ ಅಪ್ಪಟ ಕಪ್ಪು. ಸಾಮಾನ್ಯ ಕಿಡ್ನಿಯ ನಡುಭಾಗದಲ್ಲಿರುವ ಕೊಬ್ಬು ಬೆಳ್ಳಗೆ ಕಾಣುತ್ತದೆ. ಆ ಬಿಳುಪಿನ ನಡುವೆ ಕಪ್ಪು ಕವಲೊಡೆದರೆ ಹಿಗ್ಗುವಿಕೆ ಕೂಡಲೇ ಗೊತ್ತಾಗುತ್ತದೆ. ಬಟ್ಟಲುಗಳ ಆಕಾರ ಕೆಡದೆ ಬೋಗುಣಿ ಮಾತ್ರ ತುಸು ಹಿಗ್ಗಿದ್ದರೆ ಮೈಲ್ಡ್, ಬಟ್ಟಲುಗಳು ಉರುಟಾಗಿದ್ದರೆ ಮಾಡರೇಟ್, ಹೊರಗಿನ ತಿರುಳೇ ತೆಳುವಾಗಿದ್ದರೆ ಸಿವಿಯರ್. ಸ್ಥೂಲವಾಗಿ ಇದೇ ಕ್ರಮ. ರೇಯೆ ಅವರ ಮೇಜಿನ ಮೇಲಿದ್ದದ್ದು ಮೂರನೆಯದರ ಕಡೆಯ ಅವಸ್ಥೆ. ಕಲ್ಲಿನ ನೋವಿನಲ್ಲಿ ನಮ್ಮ ರಿಪೋರ್ಟುಗಳಲ್ಲಿ ಹೆಚ್ಚಾಗಿ ಇರುವುದು ಮೊದಲನೆಯದು.

ನೀರನ್ನು ಇಷ್ಟು ಚೆನ್ನಾಗಿ ಕಾಣುವ ಅಲ್ಟ್ರಾಸೌಂಡ್ ಕಲ್ಲನ್ನು ಅಷ್ಟು ಚೆನ್ನಾಗಿ ಕಾಣಲಾರದು. ಕಲ್ಲು ಶಬ್ದವನ್ನು ಜೋರಾಗಿ ಹಿಂದಿರುಗಿಸುವುದರಿಂದ ಬಿಳಿ ಚುಕ್ಕೆಯಾಗಿ ಕಂಡು, ಹಿಂದೆ ಕಪ್ಪು ನೆರಳು ಬೀಳಿಸುತ್ತದೆ. ಆದರೆ 5 ಮಿಲಿಮೀಟರಿಗಿಂತ ಸಣ್ಣ ಕಲ್ಲಿಗೆ ಎಷ್ಟೋ ಸಲ ನೆರಳೇ ಇರುವುದಿಲ್ಲ, ಕಿಡ್ನಿಯ ನಡುವಿನ ಬಿಳಿ ಕೊಬ್ಬಿನಲ್ಲಿ ಅದು ಕರಗಿಹೋಗುತ್ತದೆ. ಇನ್ನೊಂದು ಕಡೆ, ಕೊಬ್ಬಿನ ಎಳೆ, ಗಡುಸಾದ ರಕ್ತನಾಳದ ಗೋಡೆ ಸಹ ಬಿಳಿ ಚುಕ್ಕೆಯಾಗಿ ಕಂಡು ಮೋಸಗೊಳಿಸುತ್ತವೆ. ‘3 ಮಿಲಿಮೀಟರ್ ಕಾಂಕ್ರೀಷನ್’ ಎಂದು ಬರೆದ ರಿಪೋರ್ಟುಗಳಲ್ಲಿ ಕಲ್ಲೇ ಇಲ್ಲದವೂ ಇರುವುದು ಇದರಿಂದ. ಬಣ್ಣದ ಡಾಪ್ಲರ್ ಹಾಕಿದಾಗ ಕಲ್ಲಿನ ಹಿಂದೆ ಬಣ್ಣಗಳು ಮಿಣುಕಿದರೆ ನಂಬಿಕೆ ಸ್ವಲ್ಪ ಹೆಚ್ಚುತ್ತದೆ. ಅಳತೆಯಲ್ಲೂ ಅಲ್ಟ್ರಾಸೌಂಡ್ ಸಣ್ಣ ಕಲ್ಲನ್ನು ಇದ್ದುದಕ್ಕಿಂತ ದೊಡ್ಡದಾಗಿ ತೋರಿಸುವುದುಂಟು. ಎಲ್ಲಕ್ಕಿಂತ ದೊಡ್ಡ ತೊಡಕು ಯುರೆಟರಿನದು. ಅದರ ಮೇಲಿನ ತುದಿ ಕಿಡ್ನಿಯ ಬಳಿ ಕಾಣುತ್ತದೆ, ಮೂತ್ರಕೋಶ ತುಂಬಿದ್ದರೆ ಕೆಳಗಿನ ತುದಿಯೂ ಕಾಣುತ್ತದೆ. ನಡುವಿನ ಭಾಗ ಕರುಳಿನ ಹಿಂದೆ, ಕರುಳಿನೊಳಗೆ ಗಾಳಿ. ಗಾಳಿಯನ್ನು ಶಬ್ದ ದಾಟಲಾರದು. ಯುರೆಟರಿನ ಕಲ್ಲುಗಳಲ್ಲಿ ಸುಮಾರು ಅರ್ಧಕ್ಕಿಂತ ಹೆಚ್ಚು ಅಲ್ಟ್ರಾಸೌಂಡಿನ ಕಣ್ಣು ತಪ್ಪಿಸುತ್ತವೆ. ಯುರೋಪಿನ ಮೂತ್ರರೋಗ ತಜ್ಞರ ಮಾರ್ಗಸೂಚಿ ಕೊಡುವ ಪತ್ತೆಯ ಪ್ರಮಾಣ ಶೇ. 45. ತೀವ್ರವಾದ ನೋವು ಕೊಡುವುದು ಬಹುಪಾಲು ಯುರೆಟರಿಗೆ ಇಳಿದ ಕಲ್ಲೇ.

ಇಲ್ಲಿ ಪದದ ಬದುಕು ತಿರುವು ಪಡೆಯಿತು. ಕಲ್ಲು ಕಾಣದಿದ್ದರೂ ಅದು ಮಾಡಿದ ಕೆಲಸ ಕಾಣುತ್ತದೆ. ಪಕ್ಕೆಯಿಂದ ತೊಡೆಸಂದಿಗೆ ಇಳಿಯುವ ನೋವು, ಅದೇ ಬದಿಯಲ್ಲಿ ಹೈಡ್ರೋನೆಫ್ರೋಸಿಸ್: ಇಷ್ಟಿದ್ದರೆ ‘ಕಲ್ಲು ಕಂಡಿಲ್ಲ’ ಎಂಬ ಸಾಲನ್ನು ‘ಕಲ್ಲು ಇಲ್ಲ’ ಎಂದು ಓದಬಾರದು. ಕಾಣದ ಕಡೆ ಇದ್ದೀತು ಎಂದೇ ಓದಬೇಕು. ಹೀಗೆ ರೋಗದ ಹೆಸರಾಗಿ ಹುಟ್ಟಿದ ಪದ ಸಾಕ್ಷಿಯ ಹೆಸರಾಯಿತು.

ಸಾಕ್ಷಿಯೂ ಕೆಲವೊಮ್ಮೆ ತಪ್ಪು ಹೇಳುತ್ತದೆ. ಸ್ಕ್ಯಾನಿಂಗಿಗೆಂದು ನೀರು ಕುಡಿದು ಮೂತ್ರಕೋಶ ಬಿಗಿಯಾಗಿದ್ದರೆ ಮೇಲಿನ ಬೋಗುಣಿ ತುಸು ಹಿಗ್ಗಿದಂತೆ ಕಾಣಬಹುದು. ಮೂತ್ರ ಮಾಡಿಬಂದ ಮೇಲೆ ಇನ್ನೊಮ್ಮೆ ನೋಡಿದರೆ ಅದು ಹೋಗಿರುತ್ತದೆ. ಬಸುರಿಯರಲ್ಲಿ, ಅದರಲ್ಲೂ ಬಲಗಡೆ, ಗರ್ಭದ ಒತ್ತಡ ಮತ್ತು ಹಾರ್ಮೋನುಗಳಿಂದ ಸಹಜವಾಗಿಯೇ ಹಿಗ್ಗುವಿಕೆ ಇರುತ್ತದೆ. ಹಿರಿಯ ಗಂಡಸರಲ್ಲಿ ಪ್ರಾಸ್ಟೇಟ್ ಬೆಳೆದು ಮೂತ್ರ ಪೂರ್ತಿ ಹೊರಹೋಗದಿದ್ದರೆ ಎರಡೂ ಕಿಡ್ನಿ ಹಿಗ್ಗಬಹುದು. ಹುಟ್ಟಿನಿಂದಲೇ ಕಿಡ್ನಿಯ ಬಾಯಿ ಕಿರಿದಾಗಿರುವವರಿದ್ದಾರೆ. ಇವು ಯಾವುದಕ್ಕೂ ಕಲ್ಲು ಬೇಕಿಲ್ಲ. ಎದುರಿನ ತಪ್ಪೂ ಇದೆ: ನೋವು ಶುರುವಾದ ಮೊದಲ ಕೆಲವು ಗಂಟೆಗಳಲ್ಲಿ, ಅಥವಾ ವಾಂತಿಯಾಗಿ ಮೈಯಲ್ಲಿ ನೀರಿನಂಶ ಕಡಿಮೆಯಾಗಿದ್ದಾಗ, ಕಲ್ಲು ಅಡ್ಡ ನಿಂತಿದ್ದರೂ ಹಿಗ್ಗುವಿಕೆ ಕಾಣದಿರಬಹುದು. ಹಿಗ್ಗಿಲ್ಲವೆಂದರೆ ದೊಡ್ಡ ಕಲ್ಲಿನ ಸಂಭವ ಕಡಿಮೆ ಎನ್ನಬಹುದು, ಇಲ್ಲವೇ ಇಲ್ಲ ಎನ್ನಲಾಗದು.

ಕಾರಣವನ್ನೇ ನೇರವಾಗಿ ತೋರಿಸುವುದು ಸಿ.ಟಿ. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆಯಲಾಯಿತು. ಪಕ್ಕೆನೋವಿಗೆ ಬಣ್ಣದ ಔಷಧ ಕೊಡದೆ ತೆಗೆಯುವ ಸಿ.ಟಿ. ಸಾಕು ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ವೈದ್ಯರು 1995ರಲ್ಲಿ ತೋರಿಸಿದರು. ನಮ್ಮ ಚೀಟಿಗಳಲ್ಲಿ ‘ಪ್ಲೇನ್ ಸಿ.ಟಿ. ಕೆ.ಯು.ಬಿ.’ ಎಂದು ಬರೆಯುವುದು ಇದನ್ನೇ. ಕರುಳಿನ ಗಾಳಿ ಇದಕ್ಕೆ ಅಡ್ಡಿಯಲ್ಲ. ಎಕ್ಸ್‌ರೇಗೆ ಕಾಣದ ಯೂರಿಕ್ ಆಮ್ಲದ ಕಲ್ಲೂ ಇಲ್ಲಿ ಕಾಣುತ್ತದೆ. ಕಲ್ಲಿನ ಸಾಂದ್ರತೆಯನ್ನು ಹೌನ್ಸ್‌ಫೀಲ್ಡ್ ಹೆಸರಿನ ಮಾನದಲ್ಲೇ ಹೇಳುತ್ತಾರೆ. ಅದು 500ಕ್ಕಿಂತ ಕಡಿಮೆಯಿದ್ದರೆ ಯೂರಿಕ್ ಆಮ್ಲದ ಕಲ್ಲಿರಬಹುದು, ಔಷಧದಿಂದ ಕರಗಿಸುವ ಆಸೆಯಿರುತ್ತದೆ. 1000 ದಾಟಿದರೆ ಗಟ್ಟಿ ಕ್ಯಾಲ್ಸಿಯಂ ಕಲ್ಲು, ಹೊರಗಿನಿಂದ ಅಲೆ ಬಿಟ್ಟು ಒಡೆಯುವುದು ಕಷ್ಟ.

ಸಿ.ಟಿ.ಗೆ ತೆರುವ ಬೆಲೆ ವಿಕಿರಣ. ಹೊಟ್ಟೆಯ ಸಾಮಾನ್ಯ ಸಿ.ಟಿ.ಯಲ್ಲಿ ಅದು ಸುಮಾರು 10 ಮಿಲಿಸೀವರ್ಟ್. ನೆಲ, ಗಾಳಿ, ಆಕಾಶದಿಂದ ಪ್ರತಿಯೊಬ್ಬರಿಗೂ ವರ್ಷಕ್ಕೆ ಸಹಜವಾಗಿ ತಗಲುವ ವಿಕಿರಣದ ಜಾಗತಿಕ ಸರಾಸರಿ 2.4. ಒಂದು ಸಲಕ್ಕೆ ಇದು ದೊಡ್ಡದಲ್ಲ. ಆದರೆ ಕಲ್ಲು ಮರುಕಳಿಸುವ ಕಾಯಿಲೆ, ಮೂವತ್ತರ ಹರೆಯದಲ್ಲಿ ಶುರುವಾದರೆ ಬಾಳಿನುದ್ದಕ್ಕೂ ಎಷ್ಟು ಸಲ ಸ್ಕ್ಯಾನ್ ಆಗುತ್ತದೋ ಹೇಳಲಾಗದು. ಲೋ-ಡೋಸ್ ಸಿ.ಟಿ. ಹುಟ್ಟಿದ್ದು ಇದಕ್ಕಾಗಿ. ಎಕ್ಸ್‌ರೇ ಕೊಳವೆಗೆ ಹಾಯಿಸುವ ವಿದ್ಯುತ್ತನ್ನು ತಗ್ಗಿಸಿದರೆ ಚಿತ್ರ ಮರಳು ಮರಳಾಗುತ್ತದೆ. ಪಿತ್ತಜನಕಾಂಗದೊಳಗಿನ ಸಣ್ಣ ಗಡ್ಡೆಯನ್ನೋ ಕರುಳಿನ ಗೋಡೆಯ ಸೂಕ್ಷ್ಮ ಬದಲಾವಣೆಯನ್ನೋ ಅಂಥ ಚಿತ್ರದಲ್ಲಿ ಗುರುತಿಸುವುದು ಕಷ್ಟ. ಕಲ್ಲಿನ ಮಾತು ಬೇರೆ. ಸುತ್ತಲಿನ ಮಾಂಸಕ್ಕಿಂತ ಅದು ಎಷ್ಟೋ ಪಾಲು ಬೆಳ್ಳಗಿರುವುದರಿಂದ ಮರಳಿನ ನಡುವೆಯೂ ಎದ್ದು ಕಾಣುತ್ತದೆ. ಹಾಗಾಗಿ ಸುಮಾರು 3 ಮಿಲಿಸೀವರ್ಟ್ ಅಥವಾ ಅದಕ್ಕೂ ಕಡಿಮೆಯಲ್ಲಿ ಕೆಲಸ ಮುಗಿಯುತ್ತದೆ, ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಲ್ಲು ಸಿಗುತ್ತವೆ. ಮಿತಿ ಎರಡು. 3 ಮಿಲಿಮೀಟರಿಗಿಂತ ಸಣ್ಣವು ಕೆಲವು ತಪ್ಪಿಹೋಗಬಹುದು. ಮೈ ಬಹಳ ದಪ್ಪವಿದ್ದವರಲ್ಲಿ ಕಡಿಮೆ ವಿಕಿರಣ ದೇಹವನ್ನು ದಾಟಿ ಬರುವುದು ಸಾಲದೆ ಚಿತ್ರ ಕೆಡುತ್ತದೆ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ನೋಡೋಣ. ಮೂವತ್ತೆಂಟು ವರ್ಷದ ಬಸ್ ಚಾಲಕ, ರಾತ್ರಿ ಎಡಪಕ್ಕೆಯಲ್ಲಿ ನೋವು ಎದ್ದು ತೊಡೆಸಂದಿಗೆ ಇಳಿದಿದೆ, ಎರಡು ಸಲ ವಾಂತಿಯಾಗಿದೆ, ಜ್ವರವಿಲ್ಲ. ಬೆಳಿಗ್ಗೆಯ ಅಲ್ಟ್ರಾಸೌಂಡ್ ರಿಪೋರ್ಟು ಹೀಗಿದೆ: ಬಲ ಕಿಡ್ನಿಯಲ್ಲಿ 4 ಮಿಲಿಮೀಟರ್ ಕಾಂಕ್ರೀಷನ್, ಎಡಗಡೆ ಮೈಲ್ಡ್ ಹೈಡ್ರೋಯುರೆಟೆರೋನೆಫ್ರೋಸಿಸ್, ಯುರೆಟರಿನ ನಡುಭಾಗ ಮತ್ತು ಕೆಳಭಾಗ ಕರುಳಿನ ಗಾಳಿಯಿಂದ ಕಾಣುತ್ತಿಲ್ಲ, ಕಲ್ಲು ಕಂಡಿಲ್ಲ. ಮನೆಯವರ ಕಣ್ಣಿಗೆ ಬೀಳುವುದು ಬಲಗಡೆಯ 4 ಮಿಲಿಮೀಟರ್. ನೋವು ಎಡಕ್ಕೆ, ಕಲ್ಲು ಬಲಕ್ಕೆ, ಇದೇನು ರಿಪೋರ್ಟು ಎಂದು ಅವರು ಕೇಳುತ್ತಾರೆ. ಆದರೆ ಉತ್ತರ ಉದ್ದನೆಯ ಪದದಲ್ಲೇ ಇದೆ. ಎಡ ಕಿಡ್ನಿ ಹಿಗ್ಗಿದೆ, ಜೊತೆಗೆ ಯುರೆಟರೂ ಹಿಗ್ಗಿದೆ. ತಡೆ ಎಡಗಡೆಯೇ, ಅದೂ ಕೆಳಗೆ, ಸ್ಕ್ಯಾನಿಂಗಿಗೆ ಕಾಣದ ಭಾಗದಲ್ಲಿ.

ನೋವು ತಗ್ಗದ್ದರಿಂದ ಲೋ-ಡೋಸ್ ಸಿ.ಟಿ. ಮಾಡಿಸುತ್ತಾರೆ. ಎಡ ಯುರೆಟರಿನಲ್ಲಿ, ಅದು ಮೂತ್ರಕೋಶ ಸೇರುವ ಜಾಗಕ್ಕೆ ಸ್ವಲ್ಪ ಮೇಲೆ, 6 ಮಿಲಿಮೀಟರ್ ಕಲ್ಲು. ಸಾಂದ್ರತೆ 900. ಅದರ ಹತ್ತಿರವೇ ಇನ್ನೊಂದು ಬಿಳಿ ಚುಕ್ಕೆ. ಅದು ಕೆಳಹೊಟ್ಟೆಯ ಅಭಿಧಮನಿಯೊಳಗೆ ಸುಣ್ಣಗಟ್ಟಿದ ಹಳೆಯ ಕಣ, ಕಲ್ಲಲ್ಲ. ಇವೆರಡನ್ನೂ ಬೇರ್ಪಡಿಸಲು ವೈದ್ಯರು ಯುರೆಟರನ್ನು ಮೇಲಿನಿಂದ ಕೆಳಗೆ ಒಂದೊಂದೇ ಪದರದಲ್ಲಿ ಹಿಂಬಾಲಿಸುತ್ತಾರೆ. ಹಿಗ್ಗುವಿಕೆ ಎಲ್ಲಿ ನಿಲ್ಲುತ್ತದೋ ಅಲ್ಲಿ ಇರುವುದೇ ಕಲ್ಲು. ಅದರ ಸುತ್ತ ಊದಿದ ಗೋಡೆಯ ತೆಳು ಉಂಗುರವೂ ಕಾಣುತ್ತದೆ. ಇಲ್ಲಿಯೂ ದಾರಿ ತೋರಿಸಿದ್ದು ಹಿಗ್ಗುವಿಕೆಯೇ. ಬಲ ಕಿಡ್ನಿಯಲ್ಲಿ ಕಲ್ಲೇ ಇಲ್ಲ, ಅಲ್ಟ್ರಾಸೌಂಡಿನಲ್ಲಿ ಕಂಡ ಚುಕ್ಕೆ ಕೊಬ್ಬಿನ ಹೊಳಪು. ನೋವಿನ ಮಾತ್ರೆ, ಯುರೆಟರಿನ ಕೆಳಭಾಗವನ್ನು ಸಡಿಲಿಸುವ ಟ್ಯಾಮ್ಸುಲೋಸಿನ್ ಕೊಟ್ಟು ಕಾಯುತ್ತಾರೆ. 5 ಮಿಲಿಮೀಟರ್‌ವರೆಗಿನ ಕಲ್ಲುಗಳಲ್ಲಿ ಮೂರರಲ್ಲಿ ಎರಡು ಪಾಲು, 5ರಿಂದ 10ರವರೆಗಿನವುಗಳಲ್ಲಿ ಅರ್ಧಕ್ಕೆ ಹತ್ತಿರ ತಾವಾಗಿಯೇ ಹೊರಬೀಳುತ್ತವೆ.

ಹಾಗಾದರೆ ಎಲ್ಲರಿಗೂ ಮೊದಲೇ ಸಿ.ಟಿ. ಮಾಡಿಬಿಡಬಾರದೇ ಎಂಬ ಪ್ರಶ್ನೆಗೆ ಅಮೆರಿಕದ 15 ತುರ್ತುಚಿಕಿತ್ಸಾ ವಿಭಾಗಗಳಲ್ಲಿ 2,759 ರೋಗಿಗಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಅಧ್ಯಯನ ಉತ್ತರ ಕೊಟ್ಟಿದೆ. ಮೊದಲು ಅಲ್ಟ್ರಾಸೌಂಡ್ ಆದವರಿಗೂ ಮೊದಲೇ ಸಿ.ಟಿ. ಆದವರಿಗೂ ಗಂಭೀರ ಅನಾಹುತಗಳಲ್ಲಿ ಎಣಿಸುವಂಥ ವ್ಯತ್ಯಾಸ ಬರಲಿಲ್ಲ. ಅಲ್ಟ್ರಾಸೌಂಡಿನಿಂದ ಆರಂಭಿಸಿದವರಲ್ಲಿ ಹಲವರಿಗೆ ಆಮೇಲೆ ಸಿ.ಟಿ. ಬೇಕಾಯಿತು, ಬಹುಪಾಲಿಗೆ ಬೇಕಾಗಲಿಲ್ಲ. ಒಟ್ಟು ವಿಕಿರಣ ಕಡಿಮೆಯಾಯಿತು. ಆದ್ದರಿಂದ ಮಕ್ಕಳಿಗೆ, ಬಸುರಿಯರಿಗೆ, ಹಿಂದೆ ಕಲ್ಲಾಗಿ ಈಗ ಅದೇ ಬಗೆಯ ನೋವು ಬಂದವರಿಗೆ ಅಲ್ಟ್ರಾಸೌಂಡ್ ಮೊದಲು. ನೋವು ನಿಲ್ಲದಿದ್ದಾಗ, ಕಲ್ಲೋ ಬೇರೆಯೋ ಎಂಬ ಅನುಮಾನವಿದ್ದಾಗ, ಶಸ್ತ್ರಚಿಕಿತ್ಸೆಗೆ ಮುನ್ನ ಕಲ್ಲಿನ ನೆಲೆ ಮತ್ತು ಅಳತೆ ಖಚಿತವಾಗಬೇಕಾದಾಗ ಲೋ-ಡೋಸ್ ಸಿ.ಟಿ. ಬಸುರಿಯರಲ್ಲಿ ಮಾತ್ರ ಅದನ್ನು ಆದಷ್ಟೂ ತಪ್ಪಿಸುತ್ತಾರೆ. ಸಿ.ಟಿ. ಬರೆದುಕೊಟ್ಟಾಗ ‘ಲೋ-ಡೋಸ್‌ನಲ್ಲಿ ಆಗುತ್ತದೆಯೇ ಡಾಕ್ಟ್ರೇ?’ ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಪದದ ಪಕ್ಕದಲ್ಲಿ ಜ್ವರ ಸೇರಿಕೊಂಡರೆ ಲೆಕ್ಕವೇ ಬದಲಾಗುತ್ತದೆ. ತಡೆಯ ಹಿಂದೆ ನಿಂತ ಮೂತ್ರಕ್ಕೆ ಸೋಂಕು ತಗಲಿ ಕೀವಾದರೆ ‘ಹೈಡ್ರೋ’ ಹೋಗಿ ‘ಪಯೋ’ ಬರುತ್ತದೆ: ಪಯೋನೆಫ್ರೋಸಿಸ್. ಚಳಿಜ್ವರ, ಜೊತೆಗೆ ಹಿಗ್ಗಿದ ಕಿಡ್ನಿ ಎಂದರೆ ಅದು ಗಂಟೆಗಳ ಲೆಕ್ಕದ ತುರ್ತು. ಮಾತ್ರೆ ನುಂಗಿ ಕಾಯುವಂತಿಲ್ಲ. ಕಲ್ಲು ತೆಗೆಯುವುದನ್ನು ಮುಂದಕ್ಕಿಟ್ಟು, ಡಿ.ಜೆ. ಸ್ಟೆಂಟ್ ಹಾಕಿಯೋ ಬೆನ್ನಿನಿಂದ ಕಿಡ್ನಿಗೆ ಕೊಳವೆ ಇಳಿಸಿಯೋ ಮೊದಲು ಕಟ್ಟಿದ ಮೂತ್ರವನ್ನು ಹೊರಬಿಡುತ್ತಾರೆ. ಒಂದೇ ಕಿಡ್ನಿ ಇರುವವರಲ್ಲಿ, ಎರಡೂ ಕಡೆ ತಡೆಯಾದವರಲ್ಲಿ, ಮೂತ್ರವೇ ನಿಂತುಹೋದವರಲ್ಲಿ ಸಹ ತಡಮಾಡುವಂತಿಲ್ಲ.

ಜ್ವರವಿಲ್ಲದ ಸಾಮಾನ್ಯ ಸಂದರ್ಭದಲ್ಲಿ ಆಗುವ ದೊಡ್ಡ ತಪ್ಪು ಬೇರೆಯದು. ನಾಲ್ಕು ದಿನಕ್ಕೆ ನೋವು ನಿಲ್ಲುತ್ತದೆ, ಕಲ್ಲು ಹೋಯಿತೆಂದು ರೋಗಿ ಸುಮ್ಮನಾಗುತ್ತಾನೆ. ನೋವು ಬರುವುದು ಕಿಡ್ನಿಯೊಳಗೆ ಒತ್ತಡ ಹಠಾತ್ತನೆ ಏರಿದಾಗ. ಕಲ್ಲು ಅಲ್ಲೇ ಕುಳಿತು ಕಿಡ್ನಿ ಹಿಗ್ಗಿಕೊಂಡು ಒತ್ತಡಕ್ಕೆ ಒಗ್ಗಿಹೋದರೂ ನೋವು ನಿಲ್ಲುತ್ತದೆ. ಹೀಗೆ ಸದ್ದಿಲ್ಲದೆ ತಿಂಗಳುಗಟ್ಟಲೆ ಕಟ್ಟಿಕೊಂಡಿದ್ದರೆ ತಿರುಳು ತೆಳುವಾಗಿ, 1841ರ ಆ ಚೀಲದ ಕಡೆಗೇ ಕಿಡ್ನಿ ಸಾಗುತ್ತದೆ. ಅದಕ್ಕೇ ವೈದ್ಯರು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರಕ್ಕಿಂತ ಹೆಚ್ಚು ಕಾಯುವುದಿಲ್ಲ. ಕಲ್ಲು ಹೋಯಿತೋ ಇಲ್ಲವೋ ಎಂಬುದನ್ನು ನೋವು ಹೇಳುವುದಿಲ್ಲ, ಮತ್ತೊಂದು ಅಲ್ಟ್ರಾಸೌಂಡ್ ಬಹುಮಟ್ಟಿಗೆ ಹೇಳುತ್ತದೆ. ಹಿಗ್ಗುವಿಕೆ ಇಳಿದಿದ್ದು, ಆ ಬದಿಯ ಯುರೆಟರಿನಿಂದ ಮೂತ್ರಕೋಶಕ್ಕೆ ಮೂತ್ರ ಚಿಮ್ಮುವುದು ಡಾಪ್ಲರಿನಲ್ಲಿ ಚೆನ್ನಾಗಿ ಕಂಡರೆ ದಾರಿ ತೆರೆದಿದೆ ಎಂದು ನಂಬಬಹುದು. ನಿಮ್ಮ ರಿಪೋರ್ಟಿನಲ್ಲಿ ಹೈಡ್ರೋನೆಫ್ರೋಸಿಸ್ ಎಂಬ ಪದವಿದ್ದರೆ, ನೋವು ಹೋದ ಮೇಲೂ ವೈದ್ಯರು ಹೇಳಿದ ದಿನಕ್ಕೆ ಇನ್ನೊಂದು ಸ್ಕ್ಯಾನಿಂಗ್ ಮಾಡಿಸಿ, ಆ ಪದ ಹೊಸ ರಿಪೋರ್ಟಿನಲ್ಲಿ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಿ.